ವೀರಗಲ್ಲಿಗೆ ರುದ್ರಾಭಿಷೇಕ ಮಾಡಬಹುದೇ?

ಪ್ರಶ್ನೆ: ನಾವು ಕೆ.ಆರ್. ಪುರಂ ಕಡೆಯ ಒಂದು ಹೊಸ ಬಡಾವಣೆಯಲ್ಲಿದ್ದೇವೆ. ಪಾರ್ಕಿನ ಮೂಲೆಯಲ್ಲಿ, ಬೇವಿನ ಮರದ ಬುಡದಲ್ಲಿ ಸೊಂಟದೆತ್ತರದ ಒಂದು ಕೆತ್ತನೆ ಕಲ್ಲು ಇದೆ. ಕೆಳಗೆ ಬಿಲ್ಲು ಹಿಡಿದ ಮನುಷ್ಯ, ನಡುವೆ ಇಬ್ಬರು ಹೆಂಗಸರು, ಮೇಲೆ ಶಿವಲಿಂಗ. ಹಳೇ ಊರಿನವರು ಅದನ್ನು ಮುನೇಶ್ವರ ಅಂತ ಕರೆದು ಮಂಗಳವಾರ ಅರಿಶಿನ ಕುಂಕುಮ ಇಡುತ್ತಾರೆ. ನಮ್ಮ ಸಂಘದಲ್ಲಿ ಕೆಲವರು ಗುಡಿ ಕಟ್ಟಿ, ಪ್ರಾಣಪ್ರತಿಷ್ಠೆ ಮಾಡಿಸಿ, ದಿನಾ ರುದ್ರಾಭಿಷೇಕ ನಡೆಸೋಣ ಎನ್ನುತ್ತಾರೆ. ಇನ್ನು ಕೆಲವರು, ಅದು ಸತ್ತವರ ಕಲ್ಲು, ಸೂತಕದ್ದು, ಮುಟ್ಟಬಾರದು, ತೆಗೆದು ಕೆರೆಗೆ ಬಿಡಿ ಎನ್ನುತ್ತಾರೆ. ನಮ್ಮ ತಾಯಿಯವರು ಆ ಕಲ್ಲಿಗೆ ಬೆಳ್ಳಿ ಕಣ್ಣು ಇಡುವುದಾಗಿ ಹರಕೆ ಹೊತ್ತಿದ್ದಾರೆ. ಇದು ದೇವರೋ, ಉಪದೇವತೆಯೋ, ಬರೀ ಮನುಷ್ಯನೋ? ಯಾರಿಗೆ ಯಾವ ಪೂಜೆ?

ಉತ್ತರ: ನೀವು ಬರೆದಿರುವ ವಿವರದಿಂದಲೇ ಗೊತ್ತಾಗುತ್ತದೆ, ಅದು ವೀರಗಲ್ಲು. ಮೂರು ಅಂಕಣದ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ವೀರ ಹೋರಾಡುತ್ತಾ ಸಾಯುತ್ತಾನೆ. ಅಲ್ಲಿ ದನಗಳೂ ಇದ್ದರೆ ಊರಿನ ತುರು ಬಿಡಿಸಲು ಹೋಗಿ ಸತ್ತವನು ಅಂತ ತಿಳಿಯಬೇಕು. ನಡುವಿನ ಇಬ್ಬರು ಹೆಂಗಸರು ಅಪ್ಸರೆಯರು, ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಅಂಕಣದಲ್ಲಿ ಶಿವಲಿಂಗ, ಸಾಮಾನ್ಯವಾಗಿ ಪಕ್ಕದಲ್ಲಿ ನಂದಿ, ತುದಿಯಲ್ಲಿ ಸೂರ್ಯ ಚಂದ್ರರು. ಆ ಲಿಂಗದ ಪಕ್ಕದಲ್ಲಿ ಇನ್ನೂ ಒಬ್ಬರು ಕುಳಿತಿರುತ್ತಾರೆ. ನೀವು ಅದನ್ನು ಬರೆದಿಲ್ಲ, ಕುಂಕುಮದ ಅಡಿಯಲ್ಲಿ ಮುಚ್ಚಿಹೋಗಿರಬಹುದು. ಇನ್ನೊಮ್ಮೆ ನೋಡಿ. ಕೈಮುಗಿದು ಕುಳಿತ ಆ ಚಿಕ್ಕ ಆಕೃತಿ ಕೆಳಗೆ ಸತ್ತವನದೇ.

ನಿಮ್ಮ ಪ್ರಶ್ನೆಯ ಅರ್ಧ ಉತ್ತರವನ್ನು ಕೆತ್ತಿದ ಶಿಲ್ಪಿ ಅಲ್ಲೇ ಕೊಟ್ಟುಬಿಟ್ಟಿದ್ದಾನೆ. ಒಂದೇ ಕಲ್ಲಿನಲ್ಲಿ ಮೂರು ದರ್ಜೆಗಳಿವೆ: ಸತ್ತು ಮೇಲೇರಿದ ಮನುಷ್ಯ, ಅವನನ್ನು ಒಯ್ಯುವ ದೇವಯೋನಿಯವರು, ಇವರೆಲ್ಲ ಯಾರ ಸನ್ನಿಧಿಗೆ ಹೋಗುತ್ತಾರೋ ಆ ದೇವರು. ವೀರ ಲಿಂಗದ ಹತ್ತಿರ ಹೋಗಿ ಕುಳಿತಿದ್ದಾನೆ, ಲಿಂಗವಾಗಿಲ್ಲ. ಅವನು ಪೂಜೆ ಮಾಡುತ್ತಿರುವವನು. ನಿಮ್ಮ ಸಂಘದವರು ಕಲ್ಲಿನ ಮೇಲೆ ರುದ್ರಾಭಿಷೇಕದ ಹಾಲು ಸುರಿದರೆ ಅದು ಲಿಂಗದ ಚಿತ್ರಕ್ಕೂ, ಕೈಮುಗಿದವನಿಗೂ, ಕೆಳಗೆ ಅವನನ್ನು ಕೊಂದ ಶತ್ರುವಿಗೂ ಒಟ್ಟಿಗೇ ಬೀಳುತ್ತದೆ!

ಈಗ ಶಾಸ್ತ್ರದ ಕಡೆಯಿಂದ ನೋಡೋಣ. ಅಮರಕೋಶದ ಸ್ವರ್ಗವರ್ಗದಲ್ಲಿ ವಿದ್ಯಾಧರ, ಅಪ್ಸರ, ಯಕ್ಷ, ರಾಕ್ಷಸ, ಗಂಧರ್ವ, ಕಿನ್ನರ, ಪಿಶಾಚ, ಗುಹ್ಯಕ, ಸಿದ್ಧ, ಭೂತ ಎಂಬ ಹತ್ತು ವರ್ಗದವರನ್ನು ದೇವಯೋನಿಗಳು ಎಂದು ಸೇರಿಸಿದ್ದಾರೆ. ನಾವು ಉಪದೇವತೆ ಎನ್ನುವುದು ಸುಮಾರಾಗಿ ಇವರನ್ನೇ. ಇವರು ಹುಟ್ಟಿನಿಂದಲೇ ಮನುಷ್ಯರಿಗಿಂತ ಬೇರೆ. ಆದರೆ ಮನುಷ್ಯನಾಗಿ ಹುಟ್ಟಿ, ತನ್ನ ಕೆಲಸದಿಂದ ಮೇಲೇರಿದವನನ್ನು ಎಲ್ಲಿಡಬೇಕು? ಇದಕ್ಕೆ ತೈತ್ತಿರೀಯೋಪನಿಷತ್ತಿನ ಬ್ರಹ್ಮಾನಂದವಲ್ಲಿಯಲ್ಲಿ ಒಂದು ಜಾಗ ಇದೆ. ಅಲ್ಲಿ ಆನಂದವನ್ನು ನೂರು ನೂರು ಪಟ್ಟು ಹೆಚ್ಚಿಸುತ್ತಾ ಹೋಗುತ್ತಾರೆ. ಮನುಷ್ಯ, ಮನುಷ್ಯ ಗಂಧರ್ವ, ದೇವ ಗಂಧರ್ವ, ಪಿತೃಗಳು, ಆಮೇಲೆ ಆಜಾನಜ ದೇವರು, ಅವರ ಮೇಲೆ ಕರ್ಮದೇವರು, ಅವರ ಮೇಲೆ ದೇವರು, ಹೀಗೆ. ಕರ್ಮದೇವರೆಂದರೆ ಕರ್ಮದಿಂದ ದೇವತ್ವಕ್ಕೆ ಹೋದವರು. ನಮ್ಮ ವೀರನಿಗೆ ಹತ್ತಿರದ ಶಾಸ್ತ್ರೀಯ ಹೆಸರು ಇದೇ ಎಂದು ನನಗೆ ತೋರುತ್ತದೆ. ಆದರೆ ಶಂಕರರು ಆ ಜಾಗಕ್ಕೆ ಭಾಷ್ಯ ಬರೆಯುವಾಗ ವೈದಿಕ ಕರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಯುದ್ಧವನ್ನಲ್ಲ.

ಅದೇ ಭಾಷ್ಯದಲ್ಲಿ ನಮಗೆ ಬೇಕಾದ ಇನ್ನೊಂದು ಮಾತಿದೆ. ಕರ್ಮದೇವರ ಮೇಲಿನ ಮೆಟ್ಟಿಲಿನ 'ದೇವರು' ಯಾರು ಎಂದರೆ, ಹವಿಸ್ಸನ್ನು ಉಣ್ಣುವ ಮೂವತ್ತಮೂರು ಮಂದಿ. ಅಂದರೆ ಪೂರ್ಣ ದೇವತೆಯ ಗುರುತು ಬಲವಲ್ಲ, ಹುಟ್ಟೂ ಅಲ್ಲ. ಯಜ್ಞದಲ್ಲಿ ಅವನಿಗೆ ಪಾಲು ಇದೆಯೇ ಎಂಬುದು. ಮಹಾಭಾರತದ ವನಪರ್ವದ ಚ್ಯವನ ಋಷಿಗಳ ಕಥೆ ನಿಮಗೆ ಗೊತ್ತಿರಬಹುದು. ಅಶ್ವಿನೀದೇವತೆಗಳು ದೇವತೆಗಳೇ, ಸೂರ್ಯನ ಮಕ್ಕಳು. ಆದರೂ ವೈದ್ಯರಾಗಿ ಮನುಷ್ಯರ ಮಧ್ಯೆ ಓಡಾಡಿಕೊಂಡಿದ್ದಾರೆ ಎಂಬ ಕಾರಣಕ್ಕೆ ಇಂದ್ರ ಅವರಿಗೆ ಸೋಮದ ಪಾಲು ಬೇಡ ಎನ್ನುತ್ತಾನೆ. ತಮಗೆ ಯೌವನ ಮರಳಿಸಿದ ಉಪಕಾರಕ್ಕೆ ಚ್ಯವನರು ಹಟ ಹಿಡಿದು, ಇಂದ್ರನ ವಜ್ರದ ಕೈಯನ್ನೇ ಸ್ತಂಭಿಸಿ, ಅವರಿಗೆ ಪಾಲು ಕೊಡಿಸುತ್ತಾರೆ. ಅಲ್ಲಿಯವರೆಗೆ ಆ ಅವಳಿ ದೇವತೆಗಳೂ ಒಂದು ಲೆಕ್ಕದಲ್ಲಿ ಅರ್ಧ ಬಾಗಿಲಲ್ಲೇ ನಿಂತಿದ್ದವರು. ಪೂಜೆಯ ಪಾಲು ಸಿಕ್ಕಿದ ಮೇಲೆ ಒಳಗೆ ಬಂದರು.

ಹಾಗಾದರೆ ಪೂಜೆಯಲ್ಲೇ ಭೇದ ಕಾಣಬೇಕು. ಕಾಣುತ್ತದೆಯೇ? ನಮ್ಮ ಪಂಚಾಂಗ ತೆಗೆದು ನೋಡಿ. ರಾಮನವಮಿ, ಕೃಷ್ಣಾಷ್ಟಮಿ, ನರಸಿಂಹ ಜಯಂತಿ, ಹನುಮಜ್ಜಯಂತಿ, ಎಲ್ಲವೂ ಹುಟ್ಟಿದ ದಿನಗಳು. ರಾಮ ಸರಯೂ ನದಿಗೆ ಇಳಿದದ್ದು, ಕೃಷ್ಣನ ಪಾದಕ್ಕೆ ಬೇಡನ ಬಾಣ ತಗುಲಿದ್ದು ಎರಡೂ ಗ್ರಂಥಗಳಲ್ಲಿವೆ, ಆದರೆ ಅವರ ಶ್ರಾದ್ಧ ಮಾಡುವವರನ್ನು ನಾನು ಕಂಡಿಲ್ಲ. ಅವತಾರದ ಮುಕ್ತಾಯ ಸಾವಲ್ಲ ಎಂಬುದು ಅಲ್ಲಿಯ ಭಾವ. ಈಗ ಮಾಘ ಶುದ್ಧ ಅಷ್ಟಮಿಗೆ ಬನ್ನಿ, ಭೀಷ್ಮಾಷ್ಟಮಿ. ಅದು ಭೀಷ್ಮರು ದೇಹ ಬಿಟ್ಟ ದಿನ. ಹುಟ್ಟಿನಲ್ಲಿ ಅವರು ಶಾಪದಿಂದ ಭೂಮಿಗೆ ಬಂದ ವಸು, ಗಂಗೆಯ ಮಗ. ಅರೆದೇವರು ಎಂಬ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಾರದು. ಬದುಕಿನಲ್ಲಿ ವೀರ. ಆ ದಿನ ಅವರಿಗೆ ಏನು ಕೊಡುತ್ತೇವೆ? ಷೋಡಶೋಪಚಾರ ಅಲ್ಲ, ಅಭಿಷೇಕ ಅಲ್ಲ. ತರ್ಪಣ ಕೊಡುತ್ತೇವೆ. ಮಕ್ಕಳಿಲ್ಲದೆ ಹೋದ ಆ ಅಜ್ಜನಿಗೆ ಯಾವ ಕುಲದವನಾದರೂ, ಸಂಬಂಧ ಇಲ್ಲದವನಾದರೂ ಒಂದು ಬೊಗಸೆ ನೀರು ಬಿಡಬಹುದು. ವೀರನ ಆರಾಧನೆ ಅವನ ಸಾವಿನಿಂದ ಶುರುವಾಗುತ್ತದೆ, ಸಾಲ ತೀರಿಸುವ ರೀತಿಯಲ್ಲಿ ನಡೆಯುತ್ತದೆ. ಗುರುಗಳ ಆರಾಧನೆ ಇವೆರಡರ ನಡುವಿನದು. ರಾಘವೇಂದ್ರ ಸ್ವಾಮಿಗಳ ಆರಾಧನೆಯೂ ಅವರು ಬೃಂದಾವನ ಪ್ರವೇಶ ಮಾಡಿದ ತಿಥಿಯದ್ದೇ. ಆ ವಿಷಯ ಇಲ್ಲಿ ಬೆಳೆಸುವುದಿಲ್ಲ, ಅದಕ್ಕೇ ಒಂದು ಸಂಚಿಕೆ ಬೇಕು.

ಇದೇ ಭೇದವನ್ನು ಹಳೇ ಗ್ರೀಕರೂ ಮಾಡುತ್ತಿದ್ದರು. ಅವರಿಗೂ ನಮ್ಮ ಹಾಗೆ ಬಹಳ ದೇವರು. ಅವರಲ್ಲಿ ದೇವರಿಗೆ ಕೊಡುವ ಬಲಿಗೆ ಒಂದು ಕ್ರಿಯಾಪದ, ಸತ್ತ ವೀರರಿಗೆ ಕೊಡುವುದಕ್ಕೆ ಇನ್ನೊಂದು. ತೊಂದರೆ ಬಂದದ್ದು ಹೆರಾಕ್ಲೀಸ್ ಎಂಬುವನ ವಿಷಯದಲ್ಲಿ. ಅವನು ದೇವರಾಜನ ಮಗ, ತಾಯಿ ಮನುಷ್ಯಳು. ಸತ್ತವನೂ ಹೌದು, ದೇವತೆಗಳ ಜತೆ ಸೇರಿಕೊಂಡವನೂ ಹೌದು. ಸುಮಾರು 2,400 ವರ್ಷದ ಹಿಂದೆ ಹೆರೊಡೋಟಸ್ ಎಂಬ ಇತಿಹಾಸಕಾರ ಬರೆದ: ಯಾರು ಅವನಿಗೆ ಎರಡು ಬೇರೆ ಬೇರೆ ಸ್ಥಾನ ಮಾಡಿ, ಒಂದರಲ್ಲಿ ಅಮರನೆಂದು, ಇನ್ನೊಂದರಲ್ಲಿ ತೀರಿಕೊಂಡ ವೀರನೆಂದು ಅರ್ಪಿಸುತ್ತಾರೋ ಅವರೇ ಸರಿಯಾಗಿ ನಡೆಯುತ್ತಿದ್ದಾರೆ ಅಂತ. ಸಿಕ್ಯೋನ್ ಎಂಬ ಊರಿನವರು ಒಂದೇ ಕುರಿಯಲ್ಲಿ ಸ್ವಲ್ಪ ದೇವರ ರೀತಿಯಲ್ಲೂ ಸ್ವಲ್ಪ ವೀರನ ರೀತಿಯಲ್ಲೂ ಅರ್ಪಿಸಿ ರಾಜಿ ಮಾಡಿಕೊಂಡಿದ್ದರಂತೆ. ನಿಮ್ಮ ಸಂಘದ ಸಭೆ ನೆನಪಾಯಿತು!

ಇನ್ನು ನಮ್ಮೂರಿಗೆ ಬರೋಣ. ಕಂಟೋನ್ಮೆಂಟಿನ ಅಂಚಿನಲ್ಲಿ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಎರಡು ಕಲ್ಲುಗಳನ್ನು ಸಂಘದ ಎರಡೂ ಗುಂಪಿನವರು ಒಟ್ಟಿಗೆ ಹೋಗಿ ನೋಡಿದರೆ ಚೆನ್ನ. ಮೊದಲನೆಯದು ಬೇಗೂರಿನಿಂದ ಬಂದದ್ದು. ಗಂಗರ ಕಾಲದಲ್ಲಿ, ತುಂಬೆಪಾಡಿ ಎಂಬಲ್ಲಿ ನಡೆದ ಯುದ್ಧದಲ್ಲಿ ನಾಗತ್ತರ ಎಂಬ ನಾಯಕ ಎರೆಯಪ್ಪನ ಪರವಾಗಿ ಹೋರಾಡಿ ಸತ್ತ. ಆನೆ, ಕುದುರೆ, ಬಿದ್ದ ಹೆಣಗಳು ಎಲ್ಲ ಆ ಕಲ್ಲಿನ ಮೇಲಿವೆ. ಅವನ ಪಟ್ಟವನ್ನು ಇರುಗ ಎಂಬುವನಿಗೆ ಕಟ್ಟಿ, ಬೇಗೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟರು ಎಂದು ಶಾಸನ ಹೇಳುತ್ತದೆ. ಸತ್ತವನ ಋಣ ಭೂಮಿಯ ರೂಪದಲ್ಲಿ ಅವನ ಸ್ಥಾನಕ್ಕೆ ಬಂದವನ ಕೈ ಸೇರಿತು.

ಎರಡನೆಯದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಶಕ 872ರದ್ದು, ಅಂದರೆ ಕ್ರಿ.ಶ. 949-50. ಇದು ನಾಯಿಯ ಕಲ್ಲು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂದರ್ಭದಲ್ಲಿ ಮಣಲೆರ ಎಂಬ ವೀರನಿಗೆ ಏನು ಬೇಕು ಕೇಳು ಎಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ನಾಯಿಯೂ ಸತ್ತಿತು. ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆಮೇಲೆ ಒಂದು ಕಟ್ಟಳೆ ಹಾಕಿದರು: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುತ್ತಾನೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡಿ, ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಪ್ರಮಾಣ ನನಗೆ ಗೊತ್ತಿಲ್ಲ. ಗೊರವ ಎಂದರೆ ಶೈವ ಪೂಜಾರಿ. ಅವನ ಮುಖ್ಯ ಕರ್ತವ್ಯ ಒಳಗಿರುವ ಚೆಲ್ಲೇಶ್ವರನ ಪೂಜೆ. ಕಲ್ಲು ಗುಡಿಯ ಮುಂದೆ, ಹೊರಗೆ. ಅದನ್ನು ಯಾರೂ ಗರ್ಭಗುಡಿಗೆ ಒಯ್ಯಲಿಲ್ಲ, ಕಾಳಿ ಎಂಬ ನಾಯಿಯನ್ನು ಭೈರವನೆಂದು ಹೆಸರು ಬದಲಿಸಲೂ ಇಲ್ಲ. ಹಾಗೆಂದು ಪೂಜೆ ಇಲ್ಲವೇ? ಇದೆ, ಅದೂ ತನ್ನ ಊಟಕ್ಕೆ ಮೊದಲು ಮಾಡಲೇಬೇಕಾದ ಪೂಜೆ, ಅದಕ್ಕಾಗಿ ಭೂಮಿ ಬಿಟ್ಟು ಮಾಡಿಸುವ ಪೂಜೆ. ಆ ಪೂಜೆಯಿಂದ ಇಂಥ ವರ ಸಿಗುತ್ತದೆ ಎಂಬ ಮಾತು ಆ ಕಟ್ಟಳೆಯಲ್ಲಿ ಇಲ್ಲ. ಮಾಡದಿದ್ದರೆ ಪಾಪ ಎಂದಷ್ಟೇ ಇದೆ. ಸಾಲದ ಭಾಷೆ ಅದು. ಈಗ ಗೊರವನೂ ಇಲ್ಲ, ಪೂಜೆಯೂ ಇಲ್ಲ. ಮ್ಯೂಸಿಯಮ್ಮಿನ ಕಾವಲಿನವರು ಮಧ್ಯಾಹ್ನ ಡಬ್ಬಿ ಬಿಚ್ಚುವ ಮುಂಚೆ ಅದರ ಕಡೆ ಒಮ್ಮೆ ನೋಡಿದರೂ ಸಾಕು ಅಂತ ನನಗನ್ನಿಸುವುದುಂಟು.

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ನೀವು ಹೋಗಿಯೇ ಇರುತ್ತೀರಿ. ಮುಂದಿನ ಸಲ ಪ್ರದಕ್ಷಿಣೆ ಬರುವಾಗ ಗೋಡೆಯ ಕಡೆ ನೋಡಿ. ನಾಯನ್ಮಾರರೆಂಬ ಶಿವಭಕ್ತರು, ಋಷಿಗಳು, ಕೈಲಾಸ ಎತ್ತುವ ರಾವಣ, ಎಲ್ಲರೂ ಹೊರಗೋಡೆಯಲ್ಲಿದ್ದಾರೆ. ಯಾವ ಶಿವಾಲಯದಲ್ಲೂ ದ್ವಾರಪಾಲಕರು ಬಾಗಿಲವರೆಗೆ, ಒಳಗೆ ಲಿಂಗ ಒಂದೇ. ಈ ಲೆಕ್ಕ ಶಿಲ್ಪಿಗಳು ತಪ್ಪುತ್ತಿರಲಿಲ್ಲ.

ಆದರೂ ಹೊರಗಿದ್ದವರು ಒಳಗೆ ಬಂದದ್ದೇ ಇಲ್ಲವೇ ಎಂದರೆ, ಬಂದಿದ್ದಾರೆ. ಬೆಂಗಳೂರಿನವರಿಗೆ ಎಲ್ಲರಿಗಿಂತ ಹತ್ತಿರದ ಉದಾಹರಣೆ ದ್ರೌಪದಿ. ಮಹಾಭಾರತ ಓದುವವರಿಗೆ ಅವಳು ಅಗ್ನಿಯಿಂದ ಹುಟ್ಟಿದ ರಾಜಪುತ್ರಿ, ಅವಮಾನ ಉಂಡವಳು, ಹಿಮಾಲಯದ ದಾರಿಯಲ್ಲಿ ಎಲ್ಲರಿಗಿಂತ ಮೊದಲು ಬಿದ್ದು ಪ್ರಾಣ ಬಿಟ್ಟವಳು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ, ಕರಗದ ತಿಗಳ ಮನೆತನಗಳಿಗೆ ಅವಳು ಆದಿಶಕ್ತಿ. ತಿಮಿರಾಸುರನನ್ನು ಎದುರಿಸಲು ವೀರಕುಮಾರರನ್ನು ಸೃಷ್ಟಿಸಿದಳು, ತಾಯಿ ಹೊರಟು ನಿಂತಾಗ ಆ ಮಕ್ಕಳು ಹೋಗಬೇಡ ಎಂದರು, ವರ್ಷಕ್ಕೆ ಮೂರು ದಿನ ಬಂದಿರುತ್ತೇನೆಂದು ಮಾತು ಕೊಟ್ಟಳು ಎಂದು ಅವರ ಕಥೆ. ಆ ಮಾತಿನಂತೆ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುತ್ತದೆ. ಇಲ್ಲಿ ಒಬ್ಬ ಮಹಾಕಾವ್ಯದ ನಾಯಕಿ ಪೂರ್ಣ ದೇವತೆಯಾಗಿದ್ದಾಳೆ, ಅನುಮಾನವಿಲ್ಲ. ಆದರೆ ಹೇಗಾದಳು ಎಂದು ಗಮನಿಸಿ. ಅವಳ ಸಾವಿನ ಸುದ್ದಿಯನ್ನು ಆ ಪರಂಪರೆ ಹಿಂದಕ್ಕೆ ಸರಿಸಿ, ಬರುವ ಹೋಗುವ ಶಕ್ತಿಯನ್ನಾಗಿ ಮಾಡಿಕೊಂಡಿದೆ. ಕರಗಕ್ಕೆ ಅವಳ ಆವಾಹನೆ ಇದೆ, ಹೊರುವವರಿಗೆ ಕಠಿಣ ವ್ರತ ಇದೆ, ಕತ್ತಿ ಹಿಡಿದು ಜತೆಗೆ ನಡೆಯುವ ವೀರಕುಮಾರರಿದ್ದಾರೆ, ಒಂದು ಇಡೀ ಸಮುದಾಯ ತಲೆಮಾರುಗಳಿಂದ ಆ ಹೊಣೆ ಹೊತ್ತಿದೆ. ಮನುಷ್ಯನೊಬ್ಬ ದೇವತೆಯಾಗಲು ಇಷ್ಟು ಬೇಕು. ವಾರ್ಷಿಕ ಮಹಾಸಭೆಯ ಠರಾವಿನಿಂದ ಅದು ಆಗುವುದಿಲ್ಲ.

ನಿಮ್ಮ ಕಲ್ಲಿಗೆ ಮುನೇಶ್ವರ ಎಂಬ ಹೆಸರು ಹೇಗೆ ಬಂತು ಎಂಬುದನ್ನೂ ಹೇಳಬೇಕು, ಹಳೇ ಊರಿನವರನ್ನು ಯಾರೂ ಹಗುರ ಮಾಡದಿರಲಿ ಎಂದು. ಹಳಗನ್ನಡದ ಲಿಪಿಯನ್ನು ಓದುವವರು ಇಲ್ಲವಾದಾಗ ಕಲ್ಲಿನ ಮೇಲಿನ ಹೆಸರು ಮರೆಯಾಗುತ್ತದೆ. ಆದರೆ ಇವನು ಊರು ಕಾದವನು ಎಂಬ ನೆನಪು ಉಳಿಯುತ್ತದೆ. ಶಿವಾಜಿನಗರದಿಂದ ಹೊಸಕೋಟೆವರೆಗೆ ಮರದ ಕೆಳಗೆ ಕೂತು ಊರು ಕಾಯುವವನಿಗೆ ಜನರ ಬಾಯಲ್ಲಿ ಇರುವ ಹೆಸರು ಮುನೇಶ್ವರ. ಹಾಗೆ ಹೆಸರುಳ್ಳ ಒಬ್ಬ ಮನುಷ್ಯ, ಹೆಸರಿಲ್ಲದ ಕಾವಲುದೇವತೆಯಾಗುತ್ತಾನೆ. ನಿಮ್ಮ ಸಂಘದವರು ಗುಡಿ ಕಟ್ಟಿದರೆ ಮುನೇಶ್ವರನಿಂದ ಈಶ್ವರನಾಗುತ್ತಾನೆ. ಮೇಲಕ್ಕೆ ಹೋಗುತ್ತಿದ್ದಾನಲ್ಲ, ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಶಿವನಿಗೆ ಈ ಊರಲ್ಲಿ ಇನ್ನೊಂದು ಗುಡಿ ಸಿಗುತ್ತದೆ, ಅಷ್ಟೇ. ಆ ಮನುಷ್ಯನಿಗೆ ಇದ್ದದ್ದು ಇದೊಂದೇ ಕಲ್ಲು. ಸೂರ್ಯ ಚಂದ್ರರು ಇರುವವರೆಗೆ ಇವನ ನೆನಪಿರಲಿ ಎಂದು ತುದಿಯಲ್ಲಿ ಅವರಿಬ್ಬರನ್ನು ಕೆತ್ತಿಸಿದವರಿಗೆ ನಾವು ಮೋಸ ಮಾಡಿದ ಹಾಗಾಗುತ್ತದೆ.

ಹೆಸರು ವಾಪಸ್ಸು ಸಿಗುವುದೂ ಉಂಟು. ಹೆಬ್ಬಾಳದಲ್ಲಿ 2018ರಲ್ಲಿ ಕಂಡುಬಂದ ಕಲ್ಲನ್ನು ಓದಿದಾಗ, ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯ ಎಂಬ ವೀರನ ಹೆಸರು ಹೊರಬಂತು. ಹನ್ನೆರಡು ಶತಮಾನ ದಾಟಿದ ಮೇಲೆ ಹೆಬ್ಬಾಳದ ಜನ ಅವನನ್ನು ಹೆಸರು ಹಿಡಿದು ಕರೆಯುವಂತಾಯಿತು.

ಈಗ ಸೂತಕದ ಮಾತು. ಕೆರೆಗೆ ಬಿಡಿ ಎನ್ನುವವರಿಗೆ ಮನುಸ್ಮೃತಿಯ 5ನೇ ಅಧ್ಯಾಯ ತೋರಿಸಿ. ಆಶೌಚದ ದಿನಗಳನ್ನೆಲ್ಲ ವಿಸ್ತಾರವಾಗಿ ಹೇಳುವ ಅದೇ ಅಧ್ಯಾಯದಲ್ಲಿ, ಯುದ್ಧದಲ್ಲಿ ಎತ್ತಿದ ಶಸ್ತ್ರಕ್ಕೆ ಸಿಕ್ಕಿ ಕ್ಷಾತ್ರಧರ್ಮದಿಂದ ಸತ್ತವನ ಯಜ್ಞ ಆ ಕ್ಷಣಕ್ಕೇ ಪೂರ್ಣವಾಗುತ್ತದೆ, ಆಶೌಚವೂ ಆ ಕ್ಷಣಕ್ಕೇ ಮುಗಿಯುತ್ತದೆ ಎಂಬ ಅರ್ಥದ ಶ್ಲೋಕವಿದೆ. ಅವನ ಸ್ವಂತ ಮನೆಯವರಿಗೇ ಉಳಿಯದ ಸೂತಕ ಸಾವಿರ ವರ್ಷದ ಮೇಲೆ ನಿಮ್ಮ ಪಾರ್ಕಿಗೆ ಎಲ್ಲಿಂದ ಬರುತ್ತದೆ? ಇದು ಸಮಾಧಿಯ ಕಲ್ಲೂ ಅಲ್ಲ, ಅಡಿಯಲ್ಲಿ ಹೆಣ ಹೂತಿದೆ ಎಂದು ಹೆದರಬೇಕಾಗಿಲ್ಲ. ವೀರಗಲ್ಲುಗಳನ್ನು ಆತಕೂರಿನ ಹಾಗೆ ದೇವಾಲಯದ ಎದುರಲ್ಲೂ, ಕೆರೆ ಏರಿಯ ಮೇಲೂ, ಊರ ಬಾಗಿಲಲ್ಲೂ ನೆನಪಿಗಾಗಿ ನಿಲ್ಲಿಸುತ್ತಿದ್ದರು.

ಪ್ರಾಣಪ್ರತಿಷ್ಠೆ ಬೇಡ ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಪ್ರತಿಷ್ಠೆಗೆ ಬಿಂಬ ಬೇಕು, ಬಿಂಬವನ್ನು ಆ ದೇವತೆಯ ಧ್ಯಾನಶ್ಲೋಕದಂತೆ ಮಾಡಿರಬೇಕು. ಎಷ್ಟು ಕೈ, ಯಾವ ಕೈಯಲ್ಲಿ ಏನು, ಯಾವ ಆಸನ, ಎಲ್ಲ ಅದರಂತೆಯೇ. ಆವಾಹನೆಯೆಂದರೆ ಆ ಧ್ಯಾನದ ಮೂರ್ತಿಯನ್ನು ಆ ಬಿಂಬಕ್ಕೆ ಕರೆಯುವುದು. ನಿಮ್ಮ ಕಲ್ಲು ಒಂದು ಕಥೆ, ಬಿಂಬವಲ್ಲ. ಅದರಲ್ಲಿ ನಾಲ್ಕೈದು ಜನ ಇದ್ದಾರೆ. ಪುರೋಹಿತರು ಯಾರನ್ನು ಕರೆಯಬೇಕು? ಮೇಲಾಗಿ ಅಚಲ ಪ್ರತಿಷ್ಠೆ ಮಾಡಿದ ಮೇಲೆ ದಿನಾ ಪೂಜೆ, ನೈವೇದ್ಯ ತಪ್ಪುವ ಹಾಗಿಲ್ಲ. ಪಂಪಿನ ರಿಪೇರಿಗೆ ದುಡ್ಡು ಸೇರಿಸಲು ಒದ್ದಾಡುವ ಸಂಘಗಳು ಅರ್ಚಕರ ಸಂಬಳ ಎಷ್ಟು ವರ್ಷ ಕೊಟ್ಟಾವು ಎಂದು ಯೋಚಿಸಿ.

ಏನು ಮಾಡಬಹುದು ಎಂದು ಕೇಳಿದರೆ, ಮೊದಲು ಕಲ್ಲಿನ ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರಗಳಿವೆಯೇ ನೋಡಿ. ಬೆಳಗಿನ ಓರೆ ಬಿಸಿಲಿನಲ್ಲಿ, ಅಥವಾ ರಾತ್ರಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಇದ್ದರೆ ಫೋಟೋ ತೆಗೆದು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಕೊಡಿ, ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ದಾಖಲಿಸುವ ಕೆಲಸ ಅಲ್ಲಿ ನಡೆದಿದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದೇ, ನಿಮ್ಮ ಕಲ್ಲು ಅದರಲ್ಲಿ ಆಗಲೇ ಇದ್ದರೂ ಇರಬಹುದು. ಕಲ್ಲನ್ನು ಅಲುಗಿಸುವ ಯೋಚನೆ ಬಂದರೆ ರಾಜ್ಯ ಪುರಾತತ್ವ ಇಲಾಖೆಯನ್ನು ಕೇಳದೆ ಮುಟ್ಟಬೇಡಿ.

ಪೂಜೆ ಖಂಡಿತ ನಡೆಯಲಿ. ಕಲ್ಲಿನ ಮುಂದೆ ನೆಲದಲ್ಲಿ ಒಂದು ಚಪ್ಪಡಿ ಹಾಸಿ, ದೀಪ, ಹೂವು, ಹಣ್ಣು ಕಾಯಿ ಎಲ್ಲ ಅದರ ಮೇಲೆ. ಎಣ್ಣೆ, ಹಾಲು, ತುಪ್ಪ ಕಲ್ಲಿನ ಮೇಲೆ ಬೇಡ. ಜಿಡ್ಡಿಗೆ ಧೂಳು ಅಂಟಿ ಅಕ್ಷರದ ಗುಳಿಗಳು ತುಂಬಿಹೋಗುತ್ತವೆ, ಆಮೇಲೆ ಯಾರಾದರೂ ತಂತಿ ಬ್ರಷ್ ಹಿಡಿದು ಉಜ್ಜಿ ಉಳಿದದ್ದನ್ನೂ ತೆಗೆಯುತ್ತಾರೆ. ಆಯಿಲ್ ಪೇಂಟಂತೂ ಬೇಡವೇ ಬೇಡ. ಮಂಗಳವಾರ ಬರುವ ಹಳೇ ಊರಿನವರ ಕುಂಕುಮವನ್ನು ತಡೆಯಬೇಡಿ. ಪಾದದ ಹತ್ತಿರದ ಚಪ್ಪಡಿಗೆ ಇಡಿ ಎಂದು ಕೇಳಿಕೊಳ್ಳಿ, ಅಷ್ಟು ಸಾಕು. ಈ ಕಲ್ಲು ಇಷ್ಟು ಕಾಲ ಉಳಿದದ್ದು ಅವರ ಅಜ್ಜಿಯರು ಕುಂಕುಮ ಇಟ್ಟದ್ದರಿಂದ, ಲೇಔಟ್ ಮಾಡಿದವರಿಂದಲ್ಲ. ಮಹಾಲಯ ಅಮಾವಾಸ್ಯೆಗೆ ನೀವು ನಿಮ್ಮ ಹಿರಿಯರಿಗೆ ಎಡೆ ಇಡುವ ದಿನ ಇಲ್ಲೂ ಒಂದು ಎಡೆ ಇಡಿ. ತರ್ಪಣ ಕೊಡುವವರು, ನೆಂಟರಿಷ್ಟರಿಲ್ಲದವರಿಗಾಗಿ ಕೊನೆಯಲ್ಲಿ ಬಿಡುವ ನೀರಿನಲ್ಲಿ ಇವನನ್ನು ನೆನೆಯಬಹುದು. ರುದ್ರಾಭಿಷೇಕ ಮಾಡಲೇಬೇಕು ಎನ್ನುವವರಿಗೆ ಹಲಸೂರು ಸೋಮೇಶ್ವರ ದೂರವೇನಿಲ್ಲ. ಅಲ್ಲಿ ಮಾಡಿಸಿ, ಸಂಕಲ್ಪದಲ್ಲಿ ನಮ್ಮೂರ ವೀರನ ಪ್ರೀತ್ಯರ್ಥ ಎಂದು ಹೇಳಿಸಿ. ತನ್ನ ಕಲ್ಲಿನ ಮೇಲೆ ಅವನು ಮಾಡುತ್ತಿರುವುದೂ ಶಿವಪೂಜೆಯನ್ನೇ ಅಲ್ಲವೇ.

ಕೊನೆಗೆ ತಾಯಿಯವರ ಹರಕೆ. ಅವರು ತಪ್ಪು ಮಾಡಿಲ್ಲ, ದಯವಿಟ್ಟು ಯಾರೂ ಅವರಿಗೆ ಹಾಗೆ ಹೇಳಬೇಡಿ. ಯಾವ ಯಾವ ರೂಪವನ್ನು ಶ್ರದ್ಧೆಯಿಂದ ಪೂಜಿಸಿದರೂ ಆ ಶ್ರದ್ಧೆಯನ್ನು ಗಟ್ಟಿ ಮಾಡುವವನೂ, ಫಲ ಕೊಡುವವನೂ ತಾನೇ ಎಂದು ಗೀತೆಯ 7ನೇ ಅಧ್ಯಾಯದಲ್ಲಿ ಭಗವಂತ ಹೇಳುತ್ತಾನೆ. ಅವರ ಪ್ರಾರ್ಥನೆ ತಲುಪಬೇಕಾದಲ್ಲಿ ತಲುಪಿದೆ, ಹೊತ್ತ ಹರಕೆ ತೀರಿಸಲೇಬೇಕು. ಬೆಳ್ಳಿ ಕಣ್ಣನ್ನು ಅಂಟು ಹಾಕಿ ಕಲ್ಲಿಗೆ ಕೂರಿಸುವುದೊಂದು ಬೇಡ, ಆ ಸವೆದ ಮುಖ ಕಿತ್ತುಬರುತ್ತದೆ. ಮಂಗಳವಾರ ತಾಯಿಯವರನ್ನು ಕರೆದುಕೊಂಡು ಹೋಗಿ, ತಟ್ಟೆಯಲ್ಲಿ ಹೂವಿನ ಮೇಲೆ ಬೆಳ್ಳಿ ಕಣ್ಣು ಇಟ್ಟು, ಅವರ ಕೈಯಿಂದಲೇ ಚಪ್ಪಡಿಯ ಮೇಲೆ ಅರ್ಪಿಸಲಿ. ಸಂಜೆಯವರೆಗೆ ಅಲ್ಲೇ ಇರಲಿ, ಯಾರಾದರೂ ಕಾವಲಿರಿ. ಆಮೇಲೆ ಹಳೇ ಊರಿನಲ್ಲಿ ಮಂಗಳವಾರದ ಪೂಜೆ ಮಾಡುವ ಮನೆಯವರಿಗೆ ಒಪ್ಪಿಸಿ, ವರ್ಷಕ್ಕೊಮ್ಮೆ ಹಬ್ಬದ ದಿನ ಅವರು ಅದನ್ನು ತಂದು ಮುಂದಿಡಲಿ. ಆ ಮನೆಯ ಹಿರಿಯರು ಬೇರೆ ಕ್ರಮ ಹೇಳಿದರೆ, ಆ ಕಲ್ಲಿನ ವಿಷಯದಲ್ಲಿ ನನ್ನ ಮಾತಿಗಿಂತ ಅವರ ಮಾತು ನಡೆಯಬೇಕು.